ಮಾತಾಡದ ಮಗುವಿನ ರಿಪೋರ್ಟ್ ಕಾರ್ಡಿಗೆ ಷರಾ ಬರೆಯುವುದು ಹೇಗೆ?

ರಿಪೋರ್ಟ್ ಕಾರ್ಡಿನಲ್ಲಿ ಷರಾ ಬರೆಯಲು ಸಿಗುವುದು ನಾಲ್ಕೈದು ಸಾಲಿನ ಜಾಗ. ತರಗತಿಯಲ್ಲಿ ಬಾಯಿ ಬಿಡದ, ಆದರೆ ನೋಟ್‌ಬುಕ್ಕಿನಲ್ಲಿ ಚೆನ್ನಾಗಿ ಬರೆಯುವ ಮಕ್ಕಳಿಗೆ ನಾನು ತುಂಬಾ ವರ್ಷ ಒಂದೇ ಷರಾ ಬರೆಯುತ್ತಿದ್ದೆ. ‘ಓದಿನಲ್ಲಿ ಜಾಣೆ. ಆದರೆ ತುಂಬಾ ಮೌನಿ. ತರಗತಿಯಲ್ಲಿ ಇನ್ನೂ ಹೆಚ್ಚು ಭಾಗವಹಿಸಬೇಕು.’ ಹುಡುಗನಾದರೆ ಜಾಣೆ ಹೋಗಿ ಜಾಣ ಆಗುತ್ತಿತ್ತು, ಅಷ್ಟೇ.

ಇದರಲ್ಲಿ ಸುಳ್ಳೇನೂ ಇಲ್ಲ. ಹಾಗಾಗಿಯೇ ಇದು ತಪ್ಪು ಅಂತ ಗೊತ್ತಾಗಲು ತಡವಾಯಿತು. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಆ ಷರಾ ಮುಂದಿಟ್ಟು ಕೇಳಿದರು: “ಮಿಸ್, ನೀವು ಹೇಳಿದ ಹಾಗೆ ಮನೆಯಲ್ಲಿ ದಿನಾ ಬೈತಾ ಇದ್ದೀನಿ, ಮಾತಾಡು ಅಂತ. ಬೇರೆ ಏನು ಮಾಡಬೇಕು?” ನಾನು ಬೈಯಿರಿ ಅಂತ ಹೇಳಿರಲಿಲ್ಲ. ಆದರೆ ನನ್ನ ಮೂರು ವಾಕ್ಯದಲ್ಲಿ ಅವರಿಗೆ ಕೈಗೆ ಸಿಕ್ಕಿದ ಕೆಲಸ ಅದೊಂದೇ ಆಗಿತ್ತು.

ಆ ಷರಾವನ್ನು ಒಂದೊಂದೇ ಪದವಾಗಿ ಬಿಡಿಸಿ ನೋಡೋಣ. ‘ಜಾಣೆ’ ಅಂದರೆ ಏನರಲ್ಲಿ? ಗೊತ್ತಾಗುವುದಿಲ್ಲ. ಅಂಕ ಪಕ್ಕದ ಕಾಲಂನಲ್ಲೇ ಇದೆ, ಅದನ್ನೇ ಇನ್ನೊಂದು ಸಲ ಹೇಳಿದಂತಾಯಿತು. ‘ಆದರೆ’ ಅನ್ನುವ ಪದ ಬಂದ ಕೂಡಲೇ ಓದುವವರ ಮನಸ್ಸು ಹಿಂದಿನ ವಾಕ್ಯವನ್ನು ಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತದೆ. ಹೊಗಳಿಕೆ ಬರೀ ಪೀಠಿಕೆ, ದೂರು ನಿಜವಾದ ವಿಷಯ ಅನ್ನಿಸುತ್ತದೆ. ‘ಮೌನಿ’ ಅನ್ನುವುದು ಮಗು ಮಾಡುವ ಕೆಲಸದ ಹೆಸರಲ್ಲ, ಮಗುವಿಗೇ ಇಟ್ಟ ಹೆಸರು. ಮುಂದಿನ ವರ್ಷದ ಶಿಕ್ಷಕರು ಕಾರ್ಡ್ ತಿರುಗಿಸಿ ನೋಡಿದಾಗ ಮಗುವಿಗಿಂತ ಮೊದಲು ಆ ಹೆಸರೇ ಅವರ ತರಗತಿಗೆ ಬಂದಿರುತ್ತದೆ. ಆಮೇಲೆ ಅವರು ಆ ಮಗುವನ್ನು ಪ್ರಶ್ನೆ ಕೇಳುವುದೇ ಕಡಿಮೆ ಮಾಡುತ್ತಾರೆ, ಪಾಪ ಅಂತ. ಇನ್ನು ‘ಭಾಗವಹಿಸಬೇಕು’. ಯಾರು, ಯಾವಾಗ, ಎಷ್ಟು, ಹೇಗೆ? ನಾಲ್ಕಕ್ಕೂ ಉತ್ತರವಿಲ್ಲ. ಇಡೀ ಹೊಣೆ ಮಾತ್ರ ಒಂಬತ್ತು ವರ್ಷದ ಮಗುವಿನ ತಲೆ ಮೇಲೆ.

ಷರಾ ಚೆನ್ನಾಗಿ ಬರಬೇಕಾದರೆ ಪದಗಳನ್ನು ತಿದ್ದಿದರೆ ಸಾಲದು. ಬರೆಯುವ ಮೊದಲು ಎರಡು ವಿಷಯ ನಮ್ಮ ಕೈಯಲ್ಲಿರಬೇಕು. ಮಗು ಬರವಣಿಗೆಯಲ್ಲಿ ನಿಖರವಾಗಿ ಏನನ್ನು ತೋರಿಸಿದೆ, ಮತ್ತು ಅದು ಎಲ್ಲಿ ಮಾತಾಡುತ್ತದೆ. ಎಲ್ಲಿ ಮಾತಾಡುವುದಿಲ್ಲ ಅನ್ನುವುದು ನಮಗೆ ಆಗಲೇ ಗೊತ್ತಿರುತ್ತದೆ, ಅದನ್ನು ಹುಡುಕುವ ಕಷ್ಟವಿಲ್ಲ.

ಒಂದು ಉದಾಹರಣೆ ಹಿಡಿದು ಹೋಗುತ್ತೇನೆ. ನಾಲ್ಕನೇ ತರಗತಿಯ ಹುಡುಗಿ, ಮಧ್ಯದ ಸಾಲಿನ ಕಿಟಕಿ ಪಕ್ಕ ಕೂರುವವಳು. ವಿಜ್ಞಾನದಲ್ಲಿ ನೀರು ಆವಿಯಾಗುವ ಪಾಠ ನಡೆಯುತ್ತಿತ್ತು. ಬಿಸಿ ಮತ್ತು ಗಾಳಿ ಜಾಸ್ತಿಯಾದರೆ ನೀರು ಬೇಗ ಆವಿಯಾಗುತ್ತದೆ ಎನ್ನುವವರೆಗೆ ಹೇಳಿದ್ದೆ. ಹರವು ದೊಡ್ಡದಾದಷ್ಟೂ ಬೇಗ ಆವಿಯಾಗುತ್ತದೆ ಅನ್ನುವುದು ಮರುದಿನದ ಪಾಠ. ಆ ದಿನ ಕೊನೆಯ ಹತ್ತು ನಿಮಿಷ ಒಂದು ಪ್ರಶ್ನೆ ಬರೆಯಲು ಕೊಟ್ಟೆ: ಒಂದೇ ಅಳತೆಯ ಎರಡು ಬಟ್ಟೆ, ಎರಡನ್ನೂ ಒಂದೇ ಸಮ ನೆನೆಸಿದ್ದೇವೆ. ಒಂದನ್ನು ಹರಡಿ, ಇನ್ನೊಂದನ್ನು ಮಡಚಿ ಒಂದೇ ಕಡೆ ಇಟ್ಟರೆ ಯಾವುದು ಮೊದಲು ಒಣಗುತ್ತದೆ, ಯಾಕೆ?

ಅವಳು ಬರೆದದ್ದು ಹೀಗಿತ್ತು: ‘ಹರಡಿದ ಬಟ್ಟೆ. ಎರಡರಲ್ಲೂ ನೀರು ಅಷ್ಟೇ ಇದೆ. ಆದರೆ ಮಡಚಿದರೆ ಹೊರಗಿನ ಪದರಕ್ಕೆ ಮಾತ್ರ ಗಾಳಿ ತಾಗುತ್ತದೆ. ಇನ್ನೂ ಒಂದು ಮಡಿಕೆ ಹೆಚ್ಚು ಮಾಡಿದರೆ ಇನ್ನೂ ತಡ ಆಗಬೇಕು. ಮಾಡಿ ನೋಡಬಹುದು.’

ಈ ಐದು ಪುಟ್ಟ ವಾಕ್ಯದಲ್ಲಿ ಎಷ್ಟು ಇದೆ ನೋಡಿ. ನೀರಿನ ಪ್ರಮಾಣ ಎರಡರಲ್ಲೂ ಒಂದೇ ಎಂದು ಗಮನಿಸಿ, ವ್ಯತ್ಯಾಸಕ್ಕೆ ಅದು ಕಾರಣವಲ್ಲ ಎಂದು ಬದಿಗಿಟ್ಟಿದ್ದಾಳೆ. ಇನ್ನೂ ಹೇಳಿಕೊಡದ ಕಾರಣವನ್ನು, ಹೇಳಿಕೊಟ್ಟಿದ್ದ ಗಾಳಿಯ ವಿಷಯದಿಂದ ತಾನೇ ಹೊರಡಿಸಿದ್ದಾಳೆ. ಆ ಕಾರಣ ಸರಿಯಾಗಿದ್ದರೆ ಮುಂದೆ ಏನಾಗಬೇಕು ಎಂದು ಊಹಿಸಿದ್ದಾಳೆ. ಕೊನೆಗೆ, ಊಹೆಯನ್ನು ಮಾಡಿ ನೋಡಿಯೇ ತಿಳಿಯಬೇಕು ಎಂದೂ ಗೊತ್ತಿದೆ. ‘ವಿಷಯವನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾಳೆ’ ಎಂದು ಬರೆದರೆ ಇದರಲ್ಲಿ ಒಂದೂ ಓದುವವರಿಗೆ ಕಾಣುವುದಿಲ್ಲ. ಮಾತಿಲ್ಲದ ಮಗುವಿಗೆ ಈ ನಷ್ಟ ಬೇರೆಯವರಿಗಿಂತ ಜಾಸ್ತಿ. ಮಾತಾಡುವ ಮಗುವಿನ ಜಾಣತನ ಹತ್ತು ಜನಕ್ಕೆ ಕೇಳಿಸಿರುತ್ತದೆ. ಇವಳದ್ದು ನೋಟ್‌ಬುಕ್ ತೆರೆದವರಿಗೆ ಮಾತ್ರ ಗೊತ್ತು, ಅಂದರೆ ನನಗೆ ಮಾತ್ರ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬರವಣಿಗೆಯನ್ನು ಸಾಕ್ಷಿಯಾಗಿ ಇಟ್ಟುಕೊಳ್ಳುವಾಗ ಯಾವ ಬರವಣಿಗೆ ಅನ್ನುವುದು ಮುಖ್ಯ. ಮನೆಯಿಂದ ಬಂದ ಪ್ರಾಜೆಕ್ಟ್‌ನಲ್ಲಿ ಎಷ್ಟು ಜನರ ಕೈ ಇದೆಯೋ ಹೇಳಲಾಗದು. ಬೋರ್ಡಿನಿಂದ ಇಳಿಸಿಕೊಂಡ ಪ್ರಶ್ನೋತ್ತರ ಅಂದದ ಅಕ್ಷರವನ್ನು ತೋರಿಸುತ್ತದೆ, ತಿಳುವಳಿಕೆಯನ್ನಲ್ಲ. ನಾನು ಆರಿಸಿಕೊಳ್ಳುವುದು ತರಗತಿಯಲ್ಲೇ, ಮೊದಲು ನೋಡದ ಪ್ರಶ್ನೆಗೆ, ನನ್ನ ಕಣ್ಣೆದುರು ಬರೆದದ್ದನ್ನು. ಅಂಥ ಮೂರು ನಾಲ್ಕು ತುಣುಕು ಸಿಕ್ಕರೆ ಸಾಕು. ಅಂದದ ಅಕ್ಷರಕ್ಕೆ ಮೋಸ ಹೋಗುವುದು ನಮ್ಮ ವೃತ್ತಿಯ ಹಳೇ ಕಾಯಿಲೆ, ಅಲ್ವಾ?

ಈಗ ಎರಡನೆಯದು, ಮಾತು. ‘ಅವಳು ಮಾತೇ ಆಡುವುದಿಲ್ಲ’ ಎಂದು ನನಗೆ ಖಚಿತವಾಗಿತ್ತು. ಆದರೂ ಎರಡು ವಾರ, ಅಂದರೆ ಶಾಲೆಯ ಹತ್ತು ದಿನ, ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೀಟು ಹಾಕುತ್ತಾ ಬಂದೆ. ನಾಲ್ಕು ಸಾಲು ಮಾಡಿಕೊಂಡಿದ್ದೆ: ಇಡೀ ತರಗತಿಯ ಮುಂದೆ, ನಾಲ್ಕು ಜನರ ಗುಂಪಿನಲ್ಲಿ, ಪಕ್ಕದವಳ ಜೊತೆ, ನಾನು ಅವಳ ಡೆಸ್ಕಿನ ಹತ್ತಿರ ಹೋದಾಗ. ಮಾತಾಡಲು ಅವಕಾಶ ಬಂದಾಗೆಲ್ಲ ಒಂದು ಗೀಟು, ಮಾತಾಡಿದರೆ ಅದಕ್ಕೊಂದು ಅಡ್ಡಗೀಟು. ದಿನಕ್ಕೆ ಅರ್ಧ ನಿಮಿಷದ ಕೆಲಸ.

ಹತ್ತು ದಿನದ ಲೆಕ್ಕ ಹೀಗಿತ್ತು. ಇಡೀ ತರಗತಿಯ ಮುಂದೆ 7 ಸಲ ಕೇಳಿದ್ದೆ, 2 ಸಲ ಉತ್ತರ ಬಂತು. ಕೈ ಎತ್ತಿದ್ದು ಒಂದು ಸಲವೂ ಇಲ್ಲ. ಗುಂಪಿನಲ್ಲಿ 6ರಲ್ಲಿ 2. ಪಕ್ಕದವಳ ಜೊತೆ 9ರಲ್ಲಿ 8. ನನ್ನ ಜೊತೆ 5ಕ್ಕೆ 5.

ಹಾಳೆ ನೋಡಿ ನನಗೇ ನಾಚಿಕೆಯಾಯಿತು. ಮಾತೇ ಆಡದ ಹುಡುಗಿ ಅಂತ ನಾನು ಅಂದುಕೊಂಡವಳು ಅವಕಾಶ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಮಾತಾಡಿದ್ದಳು. ನಾನು ಬೋರ್ಡಿನ ಹತ್ತಿರ ನಿಂತಿದ್ದಾಗ ನಡೆದದ್ದು ಮಾತ್ರ ನನ್ನ ಲೆಕ್ಕಕ್ಕೆ ಬಂದಿತ್ತು. ಇನ್ನೂ ಒಂದು ಸಂಗತಿ ಕಂಡಿತು. ತರಗತಿಯ ಮುಂದೆ ಬಂದ ಆ ಎರಡು ಉತ್ತರ ಬಂದದ್ದು, ಎಲ್ಲರೂ ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಮೇಲೆ ಓದಿದ ದಿನಗಳಲ್ಲಿ. ಉಳಿದ ಐದು ಸಲ ನಾನು ಪ್ರಶ್ನೆ ಕೇಳಿದ ಕೂಡಲೇ ಹೆಸರು ಕರೆದಿದ್ದೆ.

ಎಷ್ಟು ಹೊತ್ತು ಕಾಯುತ್ತೇವೆ ಅನ್ನುವುದು ಇಲ್ಲಿ ದೊಡ್ಡ ವಿಷಯ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ಪಾಠಗಳ ಧ್ವನಿಮುದ್ರಣ ಕೇಳಿ ಇದನ್ನು ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಕಾರಣ ಸಮೇತ ಬಂದವು, ಸಾಮಾನ್ಯವಾಗಿ ಬಾಯಿ ಬಿಡದ ಮಕ್ಕಳೂ ಹೇಳತೊಡಗಿದರು. ಮೂರು ಸೆಕೆಂಡ್ ಕಡಿಮೆ ಅನ್ನಿಸುತ್ತದೆ. ನಲವತ್ತು ಮಕ್ಕಳ ಎದುರು ಸುಮ್ನೆ ನಿಂತು ನೋಡಿ, ಅದು ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ಇಷ್ಟು ಕೈಯಲ್ಲಿ ಇಟ್ಟುಕೊಂಡು ಷರಾ ಬರೆಯಲು ಕೂತೆ. ಮೊದಲ ವಾಕ್ಯ ಬರವಣಿಗೆಯದ್ದು. ಅದರಲ್ಲಿ ‘ಜಾಣೆ’ ಬೇಡ, ಬಟ್ಟೆಯ ಉದಾಹರಣೆ ಬೇಕು. ಎರಡನೆಯದು ಮಾತು ಎಲ್ಲಿ ಬರುತ್ತದೆ ಎಂದು ಹೇಳಬೇಕು. ಮೂರನೆಯದು ಮಾತು ಕಷ್ಟವಾಗುವ ಜಾಗ ಯಾವುದು, ಅಲ್ಲಿ ಏನಿದ್ದರೆ ಸುಲಭವಾಗುತ್ತದೆ ಎಂದು ತಿಳಿಸಬೇಕು. ನಾಲ್ಕನೆಯದು ಮುಂದಿನ ಹೆಜ್ಜೆ. ಎಷ್ಟೋ ಸಲ ತಿದ್ದಿದ ಮೇಲೆ ಆದದ್ದು ಹೀಗೆ:

‘ಮಡಚಿದ ಬಟ್ಟೆ ಯಾಕೆ ತಡವಾಗಿ ಒಣಗುತ್ತದೆ ಎಂಬುದಕ್ಕೆ, ಪಾಠದಲ್ಲಿ ಇನ್ನೂ ಹೇಳಿರದ ಕಾರಣವನ್ನು ತಾನೇ ಯೋಚಿಸಿ ಬರೆದಿದ್ದಾಳೆ, ಅದನ್ನು ಪರೀಕ್ಷಿಸುವ ದಾರಿಯನ್ನೂ ಸೂಚಿಸಿದ್ದಾಳೆ. ಪಕ್ಕದ ಗೆಳತಿಗೆ ಮತ್ತು ನನಗೆ ತನ್ನ ಯೋಚನೆಯನ್ನು ಬಿಡಿಸಿ ಹೇಳುತ್ತಾಳೆ. ಇಡೀ ತರಗತಿಯ ಮುಂದೆ ಹೇಳುವುದು ಅವಳಿಗೆ ಇನ್ನೂ ಕಷ್ಟ; ಮೊದಲು ಬರೆದುಕೊಂಡಿದ್ದರೆ ಹೇಳಿದ್ದಾಳೆ. ಮುಂದಿನ ಅವಧಿಯಲ್ಲಿ ವಾರಕ್ಕೊಮ್ಮೆ, ತಾನೇ ಆರಿಸಿದ ಒಂದು ಉತ್ತರವನ್ನು ನಾಲ್ವರ ಗುಂಪಿನಲ್ಲಿ ಓದುತ್ತಾಳೆ; ಬರೆದುಕೊಳ್ಳಲು ಎರಡು ನಿಮಿಷ ನಾನು ಕೊಡುತ್ತೇನೆ.’

ಮೂರನೆಯ ವಾಕ್ಯದ ಬಗ್ಗೆ ಒಂದು ಮಾತು. ‘ಕಷ್ಟ’ ಅನ್ನುವುದನ್ನು ಬಿಟ್ಟುಬಿಡಲು ಆಸೆಯಾಗಿತ್ತು. ಬರೀ ಒಳ್ಳೆಯದನ್ನೇ ಬರೆದು ಕಾರ್ಡ್ ಕೊಟ್ಟರೆ ಎಲ್ಲರಿಗೂ ಖುಷಿ. ಆದರೆ ಸಭೆಯಲ್ಲಿ ಅಪ್ಪ ಅಮ್ಮ “ಕ್ಲಾಸಲ್ಲಿ ಮಾತಾಡ್ತಾಳಾ?” ಎಂದು ಕೇಳಿದಾಗ ಬಾಯಲ್ಲಿ ಒಂದು, ಕಾರ್ಡಿನಲ್ಲಿ ಒಂದು ಆಗುತ್ತದೆ. ಇದ್ದದ್ದನ್ನು ಹೇಳಬೇಕು, ಆದರೆ ಅದು ಯಾವ ಜಾಗದ ಮಾತು ಅನ್ನುವುದನ್ನೂ ಸೇರಿಸಿ ಹೇಳಬೇಕು. ‘ಮಾತಾಡುವುದಿಲ್ಲ’ ಎಂದರೆ ಮಗುವಿನ ಕುಂದಾಗುತ್ತದೆ. ‘ಇಡೀ ತರಗತಿಯ ಮುಂದೆ ಇನ್ನೂ ಕಷ್ಟ’ ಎಂದರೆ ಒಂದು ಸನ್ನಿವೇಶದ ವಿವರವಾಗುತ್ತದೆ. ಮತ್ತೆ, ಇಡೀ ಷರಾದಲ್ಲಿ ಎಲ್ಲೂ ‘ಆದರೆ’ ಇಲ್ಲ, ಗಮನಿಸಿದಿರಾ? ಅದನ್ನು ತೆಗೆಯಲು ನನಗೆ ನಿಜವಾಗಿ ಬೆವರಿಳಿಯಿತು.

ನಾಲ್ಕನೆಯ ವಾಕ್ಯದಲ್ಲಿ ಗುಂಪನ್ನು ಯಾಕೆ ಆರಿಸಿದೆ? ಗೀಟಿನ ಹಾಳೆ ನೋಡಿ. ಪಕ್ಕದವಳ ಜೊತೆ ಆಗಲೇ 9ರಲ್ಲಿ 8 ಇದೆ, ಅದನ್ನು ಗುರಿ ಮಾಡಿದರೆ ಅರ್ಥವಿಲ್ಲ. ಇಡೀ ತರಗತಿಯನ್ನು ಗುರಿ ಮಾಡಿದರೆ ಒಮ್ಮೆಗೆ ಎರಡು ಮೆಟ್ಟಿಲು ಹಾರಿದ ಹಾಗೆ. ನಡುವಿನ ಮೆಟ್ಟಿಲು ನಾಲ್ವರ ಗುಂಪು. ವಾರಕ್ಕೊಮ್ಮೆ ಅಂದರೆ ಎಣಿಸಬಹುದು. ಬರೆದದ್ದನ್ನು ಓದುವುದರಿಂದ ಅವಳ ಬಲ ಅವಳ ಕೈಯಲ್ಲೇ ಇರುತ್ತದೆ. ಯಾವ ಉತ್ತರ ಅನ್ನುವುದನ್ನು ಅವಳೇ ಆರಿಸುವುದರಿಂದ ದಿಢೀರ್ ಅಂತ ಹೆಸರು ಕರೆಯುವ ಭಯವಿಲ್ಲ. ಕೊನೆಯ ತುಂಡು ನನ್ನ ಪಾಲಿನ ಕೆಲಸ. ಶಿಕ್ಷಕರು ಏನು ಬದಲಿಸುತ್ತಾರೆ ಅನ್ನುವುದು ಷರಾದಲ್ಲಿ ಇರಬಾರದು ಅಂತ ಯಾವ ನಿಯಮವೂ ಇಲ್ಲ. ನಾವು ಬರೆಯುವ ರೂಢಿ ಇಟ್ಟುಕೊಂಡಿಲ್ಲ, ಅಷ್ಟೇ.

ಜಾಗ ಸಾಲದಿದ್ದರೆ? ಕೆಲವು ಸಾಫ್ಟ್‌ವೇರ್‌ಗಳು ಇಷ್ಟೇ ಅಕ್ಷರ ಎಂದು ಕತ್ತರಿ ಹಾಕುತ್ತವೆ. ಆಗ ಎರಡನೇ ವಾಕ್ಯವನ್ನೂ ಮೂರನೆಯದನ್ನೂ ಒಂದು ಮಾಡಿ. ಬಟ್ಟೆಯ ಉದಾಹರಣೆಯನ್ನು ಮಾತ್ರ ತೆಗೆಯಬೇಡಿ. ಅದು ಹೋದರೆ ಉಳಿದದ್ದು ಯಾವ ಮಗುವಿಗೆ ಬೇಕಾದರೂ ಅಂಟಿಸಬಹುದಾದ ಷರಾ ಆಗುತ್ತದೆ.

ಅಂಕದ ವಿಷಯ ಬೇರೆ, ಅದನ್ನು ಇದರೊಂದಿಗೆ ಕಲಸಬಾರದು. ವಿಜ್ಞಾನದಲ್ಲಿ ಅಳೆಯುತ್ತಿರುವುದು ಆವಿಯಾಗುವಿಕೆ ಅರ್ಥವಾಗಿದೆಯೇ ಅಂತ. ಅಲ್ಲಿ ಮಾತಿಲ್ಲ ಎಂದು ಅಂಕ ಕಳೆದರೆ, ಗಣಿತದ ಉತ್ತರ ಪತ್ರಿಕೆಯಲ್ಲಿ ಅಕ್ಷರ ಚೆನ್ನಾಗಿಲ್ಲ ಎಂದು ಅಂಕ ಕಳೆದ ಹಾಗೆ. ಭಾಷೆಯ ವಿಷಯದಲ್ಲಿ ಹಾಗಲ್ಲ. ಮಾತಾಡುವುದು, ಗಟ್ಟಿಯಾಗಿ ಓದುವುದು ಅಲ್ಲಿ ಕಲಿಯಬೇಕಾದ ಸಂಗತಿಗಳೇ. ಅಲ್ಲಿ ಬರವಣಿಗೆ ಚೆನ್ನಾಗಿದೆ ಎಂದು ಮಾತಿನ ಅಂಕ ತುಂಬಿಸಿ ಕೊಡುವುದು ಸರಿಯಲ್ಲ. ಆದರೆ ಪರೀಕ್ಷೆಯ ಜಾಗವನ್ನು ಬದಲಿಸಬಹುದು. ತರಗತಿಯ ಮುಂದೆ ನಿಲ್ಲಿಸುವ ಬದಲು ನನ್ನ ಮೇಜಿನ ಹತ್ತಿರ, ಬೇಕಾದರೆ ಗೆಳತಿಯ ಜೊತೆ ಕೇಳಿಸಿಕೊಳ್ಳಬಹುದು. ಸಭೆಯಲ್ಲಿ ಮಾತಾಡುವುದೇ ಆ ಪರೀಕ್ಷೆಯ ಉದ್ದೇಶವಾಗಿದ್ದರೆ ಆ ಒಂದು ಅಂಕ ಕಡಿಮೆ ಬರಲಿ, ಅದು ಎಲ್ಲಿಂದ ಕಡಿಮೆಯಾಯಿತು ಎಂದು ಷರಾ ಹೇಳುತ್ತದೆ.

ಇಷ್ಟೆಲ್ಲ ಹೇಳಿದ್ದು, ಕೆಲವು ಕಡೆ ಮಾತಾಡುವ, ಕೆಲವು ಕಡೆ ಮಾತಾಡದ ಮಗುವಿಗೆ. ಗೀಟಿನ ಹಾಳೆ ಬೇರೆ ಥರದ ಚಿತ್ರವನ್ನೂ ಕೊಡಬಹುದು. ಆಗ ಷರಾ ಬರೆಯುವುದನ್ನು ನಿಲ್ಲಿಸಿ ಬೇರೆ ಕೆಲಸ ಮಾಡಬೇಕು.

ಮೊದಲನೆಯದು ಕಿವಿ. ಹತ್ತಿರ ಇದ್ದಾಗ ಮಾತಾಡುತ್ತಾಳೆ, ದೂರದಿಂದ ಕೇಳಿದರೆ ಉತ್ತರ ಇಲ್ಲ. ಇದು ನಾಚಿಕೆಯಿಂದಲೂ ಆಗಬಹುದು, ಸರಿಯಾಗಿ ಕೇಳಿಸದೆಯೂ ಆಗಬಹುದು. ನನ್ನ ಉದಾಹರಣೆಯ ಹುಡುಗಿಯ ಲೆಕ್ಕವೇ ಈ ಅನುಮಾನಕ್ಕೆ ಎಡೆ ಕೊಡುತ್ತಿತ್ತು. ನಾನು ಮಾಡಿದ್ದು ಇಷ್ಟು: ಬೋರ್ಡಿನ ಕಡೆ ಮುಖ ಮಾಡಿ, ಸಾಮಾನ್ಯ ದನಿಯಲ್ಲಿ “ಹನ್ನೆರಡನೇ ಪುಟದ ಕೊನೆಯ ಪ್ರಶ್ನೆ ಬರೆಯಿರಿ” ಎಂದು ಹೇಳಿ, ಬೋರ್ಡಿನಲ್ಲಿ ಏನೂ ಬರೆಯದೆ ತಿರುಗಿ ನೋಡಿದೆ. ಅವಳು ಪಕ್ಕದವಳ ಪುಸ್ತಕ ನೋಡದೆ ಪುಟ ತೆರೆದಳು. ಮೂರು ಬೇರೆ ಬೇರೆ ದಿನ ಹಾಗೇ ಆಯಿತು. ಇದು ಕಿವಿಯ ಪರೀಕ್ಷೆಯಲ್ಲ. ಮಗು ಪ್ರತಿ ಸಲ ಅಕ್ಕಪಕ್ಕ ನೋಡಿಯೇ ಶುರು ಮಾಡುತ್ತಿದ್ದರೆ ವೈದ್ಯರಿಂದ ಕಿವಿ ಪರೀಕ್ಷೆ ಮಾಡಿಸಿ ಎಂದು ಪೋಷಕರಿಗೆ ಹೇಳಲು ಅಷ್ಟು ಸಾಕು. ನಮಗೆ ಕಾಣದಿದ್ದರೂ ಪೋಷಕರಿಗೆ ಅನುಮಾನ ಇದ್ದರೆ ಪರೀಕ್ಷೆ ಮಾಡಿಸುವುದೇ ಸರಿ.

ಎರಡನೆಯದು ಭಾಷೆ. ಶಾಲೆಯ ಭಾಷೆ ಮನೆಯ ಭಾಷೆಯಾಗಿರದಿದ್ದರೆ ಕೆಲವು ಮಕ್ಕಳು ಮೊದಲ ಕೆಲವು ತಿಂಗಳು ಕೇಳಿಸಿಕೊಳ್ಳುತ್ತಾರೆ, ಆಡುವುದಿಲ್ಲ. ಆ ಹೊತ್ತಿನಲ್ಲಿ ಆ ಭಾಷೆಯ ಬರವಣಿಗೆಯೂ ಸಾಮಾನ್ಯವಾಗಿ ತಡವರಿಸುತ್ತಿರುತ್ತದೆ. ಬರವಣಿಗೆ ಇಷ್ಟು ಸರಾಗವಾಗಿದ್ದರೆ ಭಾಷೆ ಬರುವುದಿಲ್ಲ ಎನ್ನಲಾಗದು. ಉಚ್ಚಾರಣೆಗೆ ಯಾರಾದರೂ ನಕ್ಕಿದ್ದರೆ ಮಾತ್ರ ಅದು ಬೇರೆ ಕಥೆ, ವಿಚಾರಿಸಬೇಕು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಮನೆಯಲ್ಲಿ ಹರಟುವ ಮಗು ಶಾಲೆಯಲ್ಲಿ ಒಂದು ಪದವನ್ನೂ ಆಡುವುದಿಲ್ಲ. ಬಿದ್ದು ಗಾಯವಾದರೂ ಹೇಳುವುದಿಲ್ಲ, ಶೌಚಾಲಯಕ್ಕೆ ಹೋಗಬೇಕೆಂದೂ ಕೇಳುವುದಿಲ್ಲ. ಕೇಳಿದರೆ ಮುಖ ಬಿಗಿಯಾಗುತ್ತದೆ, ಮೈ ಮರಗಟ್ಟಿದಂತಾಗುತ್ತದೆ. ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಎಂಬ ಹೆಸರಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಕೈಪಿಡಿಯಲ್ಲಿ ಇದನ್ನು ಆತಂಕದ ತೊಂದರೆಗಳ ಗುಂಪಿಗೆ ಸೇರಿಸಿದೆ. ಮಗುವಿನ ಹಟ ಎಂದು ಎಣಿಸಿಲ್ಲ. ಕನಿಷ್ಠ ಒಂದು ತಿಂಗಳು ಹೀಗೇ ಇರಬೇಕು, ಶಾಲೆಗೆ ಸೇರಿದ ಮೊದಲ ತಿಂಗಳಿಗಷ್ಟೇ ಸೀಮಿತವಾಗಿರಬಾರದು ಎಂದು ಅಲ್ಲಿ ಹೇಳಿದೆ. ಗುರುತಿಸುವುದು ತಜ್ಞರ ಕೆಲಸ. ನಾವು ಮಾಡಬಹುದಾದ್ದು, ಕಂಡದ್ದನ್ನು ದಿನಾಂಕ ಹಾಕಿ ಬರೆದಿಟ್ಟು, ಪೋಷಕರನ್ನು ಬೇರೆಯಾಗಿ ಕರೆದು ಮಾತಾಡಿ, ಮಕ್ಕಳ ಮನಶ್ಶಾಸ್ತ್ರಜ್ಞರ ದಾರಿ ತೋರಿಸುವುದು. ಅಂಥ ಮಗುವಿನ ಕಾರ್ಡಿನಲ್ಲಿ ಮಾತಿನ ಗುರಿಯನ್ನೇ ಇಡಬಾರದು, ‘ವಾರಕ್ಕೊಮ್ಮೆ’ ಅನ್ನುವ ಮೆದು ಗುರಿಯನ್ನೂ ಇಡಬಾರದು. ಒತ್ತಡ ಹೆಚ್ಚಾದಷ್ಟೂ ಗಂಟಲು ಇನ್ನೂ ಕಟ್ಟುತ್ತದೆ. ಬರವಣಿಗೆಯ ಬಗ್ಗೆ ಮಾತ್ರ ಬರೆಯಿರಿ. ಕಾಯಿಲೆಯ ಹೆಸರಂತೂ ಷರಾದಲ್ಲಿ ಬೇಡವೇ ಬೇಡ.

ನನ್ನ ಹುಡುಗಿಯ ಕಾರ್ಡಿಗೆ ಮರಳಿ ಬರುತ್ತೇನೆ. ಕಾರ್ಡ್ ಮನೆಗೆ ಹೋಗುವ ಹಿಂದಿನ ದಿನ ಆ ನಾಲ್ಕು ವಾಕ್ಯಗಳನ್ನು ಅವಳಿಗೇ ಓದಲು ಕೊಟ್ಟೆ. ನಾಲ್ಕನೆಯ ವಾಕ್ಯದಲ್ಲಿ ಅವಳು ಮಾಡಬೇಕಾದ ಕೆಲಸ ಇತ್ತಲ್ಲ, ಅದು ಅವಳಿಗೆ ಅಪ್ಪನ ಬಾಯಿಂದ ಗೊತ್ತಾಗುವುದು ಬೇಡ ಅನ್ನಿಸಿತು. ನಿಧಾನವಾಗಿ ಓದಿದಳು. ಪೆನ್ಸಿಲ್ ತೆಗೆದು ‘ನಾಲ್ವರ ಗುಂಪಿನಲ್ಲಿ’ ಅನ್ನುವುದರ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕದಾಗಿ ಬರೆದಳು: ‘ಗುಂಪು ನಾನು ಹೇಳಬಹುದಾ?’

ಕಾರ್ಡಿನಲ್ಲಿ ಎರಡು ಪದ ಸೇರಿಸಬೇಕಾಯಿತು. ‘ತಾನೇ ಆರಿಸಿದ ನಾಲ್ವರ ಗುಂಪಿನಲ್ಲಿ’ ಎನ್ನುವುದರ ಜೊತೆ ‘ತಾನೇ ಆರಿಸಿದ ಒಂದು ಉತ್ತರವನ್ನು’ ಅನ್ನುವುದೂ ಇದ್ದು, ಆ ವಾಕ್ಯದಲ್ಲಿ ‘ತಾನೇ’ ಎರಡು ಸಲ ಬಂತು. ಹಾಗೇ ಬಿಟ್ಟೆ.